ಒಂದೇ ಆದಾಯ, ಬೇರೆ ಬೇರೆ ವರ್ಗ

ಸೆಮಿನಾರ್ ರದ್ದಾಯಿತು. ಬ್ರಿಟನ್ನಿನ ಸಮಾಜಶಾಸ್ತ್ರ ಅಧ್ಯಾಪಕಿಯೊಬ್ಬರು ಅಂದಿನ ಪಾಠವನ್ನು ವಿದ್ಯಾರ್ಥಿಗಳಿಗೆ ಇಮೇಲ್‌ನಲ್ಲಿ ಬರೆದು ಕಳಿಸಿದರು. ಶುರುವಿನಲ್ಲೇ ಇಬ್ಬರನ್ನು ಎದುರಿಗೆ ನಿಲ್ಲಿಸಿದರು: ಸ್ವಂತ ವ್ಯಾನು, ಸ್ವಂತ ಸ್ಪ್ಯಾನರು ಇರುವ ಪ್ಲಂಬರ್ ಒಬ್ಬ, ಬ್ಯಾಂಕಿನ ಗುಮಾಸ್ತೆ ಒಬ್ಬಳು. ಇಬ್ಬರ ಆದಾಯವೂ ಒಂದೇ. ಹಾಗಾದರೆ ವರ್ಗ?

ಕಾರ್ಲ್ ಮಾರ್ಕ್ಸ್ ಮೊದಲು ಕೇಳುವುದು ದುಡಿಮೆಯ ಸಾಧನ ಯಾರದೆಂದು. ಪ್ಲಂಬರನದು ಅವನದೇ, ಆದ್ದರಿಂದ ಅವನು ಸಣ್ಣ ಬಂಡವಾಳಿಗ. ಗುಮಾಸ್ತೆ ಮಾರುವುದು ತನ್ನ ಶ್ರಮವನ್ನು ಮಾತ್ರ. ಎಷ್ಟೇ ಅಚ್ಚುಕಟ್ಟಾದ ಉಡುಪು ತೊಟ್ಟರೂ ಅವಳು ಕಾರ್ಮಿಕ ವರ್ಗದವಳು.

ಮ್ಯಾಕ್ಸ್ ವೇಬರ್‌ಗೆ ಇಷ್ಟು ಸಾಲದು. ಮಾರುಕಟ್ಟೆಯಲ್ಲಿ ಅವರವರ ಕೌಶಲಕ್ಕೆ ಏನು ಬೆಲೆ ಎಂಬುದನ್ನೂ ಅವರು ನೋಡುತ್ತಾರೆ. ನೆರೆಹೊರೆಯವರು ಕೊಡುವ ಮರ್ಯಾದೆಯನ್ನು ವರ್ಗದಿಂದ ಬಿಡಿಸಿ ಬೇರೆಯಾಗಿಯೇ ಅಳೆಯುತ್ತಾರೆ.

ಜಾನ್ ಗೋಲ್ಡ್‌ತೋರ್ಪ್ ನೋಡುವುದು ಉದ್ಯೋಗದ ಕರಾರನ್ನು: ತಿಂಗಳ ಸಂಬಳ, ಬಡ್ತಿಯ ಭರವಸೆ ಇದೆಯೇ, ಯಾರ ಕೈಕೆಳಗೆ ಕೆಲಸ? 2001ರ ಬ್ರಿಟಿಷ್ ಜನಗಣತಿ ಬಳಸಿದ ವರ್ಗೀಕರಣದ ಬೇರು ಇಲ್ಲಿದೆ. ಅದರಲ್ಲಿ ಗುಮಾಸ್ತೆ ಮಧ್ಯಂತರ ವರ್ಗಕ್ಕೆ, ಪ್ಲಂಬರ್ ಸ್ವಯಂ ಉದ್ಯೋಗಿಗಳ ವರ್ಗಕ್ಕೆ ಸೇರುತ್ತಾರೆ.

ಉತ್ತರಪತ್ರಿಕೆ ತಪ್ಪುವುದು ಹೆಚ್ಚಾಗಿ ಒಂದೇ ಕಡೆ ಎಂದು ಅಧ್ಯಾಪಕಿ ಎಚ್ಚರಿಸಿದ್ದರು. ವರ್ಗವೆಂದರೆ ಆದಾಯದ ಮೆಟ್ಟಿಲೆಂದು ಬರೆದು, ಅದನ್ನು ಮಾರ್ಕ್ಸ್‌ಗೆ ಹೊರಿಸಿಬಿಡುತ್ತಾರೆ.