ತಲೆಕೆಳಗಾದ ನಗು

‘ಪರವಾಗಿಲ್ಲ ಬಿಡು 🙃’

ವಾಟ್ಸಾಪಿನಲ್ಲಿ ಇಂಥದೊಂದು ಉತ್ತರ ಬಂದರೆ ಅದನ್ನು ಹಾಗೆಯೇ ನಂಬುವವರು ಕಡಿಮೆ. ಮಾತು ಕ್ಷಮಿಸಿದೆ, ಮುಖ ನಗುತ್ತಿದೆ. ಆದರೂ ಓದಿದವರಿಗೆ ಒಳಗೆಲ್ಲೋ ಚುಚ್ಚುತ್ತದೆ.

ಕನ್ನಡದ ಅಕ್ಷರಗಳಿಗೆ ಸಂಖ್ಯೆ ಕೊಟ್ಟಿರುವ ಯೂನಿಕೋಡ್ ವ್ಯವಸ್ಥೆಯೇ ಎಮೋಜಿಗಳಿಗೂ ಸಂಖ್ಯೆ ಕೊಡುತ್ತದೆ. ಈ ಮುಖ ಅದರೊಳಗೆ ಸೇರಿದ್ದು 2015ರಲ್ಲಿ, U+1F643 ಎಂಬ ಸಂಖ್ಯೆಯಲ್ಲಿ. ಅದರ ಹಿಂದಿನ ಸಂಖ್ಯೆಯಲ್ಲಿರುವುದು ಹಿಂದಿನ ವರ್ಷವಷ್ಟೇ ಬಂದಿದ್ದ ತೆಳುನಗೆಯ ಮುಖ 🙂. ಹೊಸದಕ್ಕೆ ಕೊಟ್ಟ ಹೆಸರಿನ ಅರ್ಥ ‘ತಲೆಕೆಳಗಾದ ಮುಖ’, ಅಷ್ಟೇ. ಸಿಟ್ಟು, ಮುಜುಗರ, ಕೊಂಕು ಯಾವುದೂ ಆ ಹೆಸರಿನಲ್ಲಿಲ್ಲ. ಅವನ್ನೆಲ್ಲ ತುಂಬಿದವರು ಬಳಸುವ ಜನ.

ಆದರೆ ತುಂಬುವುದಕ್ಕೆ ಜಾಗ ಚಿತ್ರದಲ್ಲೇ ಇತ್ತು. ಗಮನವಿಟ್ಟು ನೋಡಿ. ಬಾಯಿಯ ಗೆರೆ ಮೇಲಿದೆ, ಅದರ ಎರಡು ತುದಿಗಳೂ ಕೆಳಕ್ಕೆ ಬಾಗಿವೆ. ಆ ಗೆರೆಯೊಂದನ್ನೇ ನೋಡಿದರೆ ಅದು ಬೇಸರದ ಬಾಯಿ. ಕಣ್ಣುಗಳ ಜೊತೆ ಸೇರಿಸಿ ಓದಿದಾಗ ಮಾತ್ರ ಅದು ನಗು. ತಲೆಕೆಳಗಾದ ಮುಖವನ್ನು ಓದುವುದರಲ್ಲಿ ನಾವು ಮೊದಲೇ ಹಿಂದೆ. 1980ರಲ್ಲಿ ಪೀಟರ್ ಥಾಂಪ್ಸನ್ ಎಂಬ ಮನೋವಿಜ್ಞಾನಿ ಮಾರ್ಗರೆಟ್ ಥ್ಯಾಚರ್ ಅವರ ಚಿತ್ರದಲ್ಲಿ ಕಣ್ಣು, ಬಾಯಿಗಳನ್ನಷ್ಟೇ ತಿರುಗಿಸಿ ಅಂಟಿಸಿದರು. ಆ ಚಿತ್ರವನ್ನು ತಲೆಕೆಳಗಾಗಿ ಹಿಡಿದರೆ ತಪ್ಪೇನೂ ಕಾಣುವುದಿಲ್ಲ, ನೆಟ್ಟಗೆ ಹಿಡಿದರೆ ಭಯಂಕರವಾಗಿ ಕಾಣುತ್ತದೆ. ಎರಡು ಚುಕ್ಕೆ, ಒಂದು ಗೆರೆಯ ಎಮೋಜಿಗೆ ಈ ಪ್ರಯೋಗ ಪೂರ್ತಿ ಹೊಂದಲಿಕ್ಕಿಲ್ಲ. ಆದರೂ ನಗುವೋ ಅಲ್ಲವೋ ಎಂದು ಒಂದು ಕ್ಷಣ ತಡೆಯುವಂತೆ ಮಾಡುವುದೇ ಈ ಮುಖದ ಬಲ ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಲ್ಲಿ ಒಂದೇ ಬಾಡಿಗೆ ಮನೆಯಲ್ಲಿರುವ ಮೂವರು ಗೆಳತಿಯರ ಗ್ರೂಪಿದೆ. ಒಬ್ಬಳು ಬರೆಯುತ್ತಾಳೆ: ‘ಪಾತ್ರೆ ಎಲ್ಲ ತೊಳೆದಿಟ್ಟಿದೀನಿ.’ ಇದು ಬರೀ ಸುದ್ದಿ. ಇದೇ ವಾಕ್ಯದ ಕೊನೆಗೆ 🙃 ಬಂದರೆ ಅದು ದೂರು: ಇವತ್ತು ಯಾರ ಸರದಿ ಇತ್ತು, ನೆನಪಿದೆಯಾ? ಇನ್ನೊಬ್ಬಳು ಗಾಬರಿಯಾಗಿ ‘ಕೋಪ ಬಂತೇನೇ?’ ಎಂದು ಕೇಳಿದರೆ, ‘ಇಲ್ಲ ಕಣೇ, ಸುಮ್ನೆ ಹೇಳ್ದೆ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ನಗುವ ಮುಖವನ್ನೇ ತಾನೇ ಹಾಕಿದ್ದು! ಸಿಟ್ಟು ತಲುಪಬೇಕು, ಆದರೆ ಸಿಟ್ಟು ಮಾಡಿಕೊಂಡಿದ್ದೇನೆಂದು ಯಾರೂ ಹೇಳಬಾರದು. ಈ ಮುಸುಕಿನ ಗುದ್ದಾಟಕ್ಕೆ ಇದಕ್ಕಿಂತ ಒದಗುವ ಎಮೋಜಿ ಇಲ್ಲ. ನಷ್ಟವಾಗುವುದು ಕಳಿಸಿದವಳಿಗೇ. ದೂರನ್ನು ಒಪ್ಪಿಕೊಳ್ಳದಿದ್ದ ಮೇಲೆ ಅದಕ್ಕೆ ಪರಿಹಾರ ಕೇಳುವುದು ಹೇಗೆ? ಸಿಂಕಿನಲ್ಲಿ ನಾಳೆಯೂ ಪಾತ್ರೆ ಬಿದ್ದಿರುತ್ತದೆ.

ಎಲ್ಲ 🙃 ಕೊಂಕಲ್ಲ. ‘ಕೊನೇ ಬಸ್ಸೂ ಹೋಯ್ತು, ನಾನಿನ್ನೂ ಮೆಜೆಸ್ಟಿಕ್‌ನಲ್ಲೇ 🙃’ ಎಂದರೆ ಅದು ತನ್ನ ಫಜೀತಿಯನ್ನು ಹೇಳಿಕೊಳ್ಳುವ ರೀತಿ. ಅಳುವಷ್ಟು ದೊಡ್ಡದಲ್ಲ, ನಗುವಷ್ಟು ಚಿಕ್ಕದೂ ಅಲ್ಲ. ವ್ಯತ್ಯಾಸ ತಿಳಿಯಲು ನಾನು ನೋಡುವುದು ಒಂದನ್ನೇ: ವಾಕ್ಯದಲ್ಲಿರುವ ತೊಂದರೆ ಯಾರಿಂದ ಆದದ್ದು? ಬಸ್ಸಿನಿಂದಲೋ ಮಳೆಯಿಂದಲೋ ಆಗಿದ್ದರೆ ಅದು ಮುಜುಗರ, ಸಮಾಧಾನದ ಒಂದು ಮಾತು ಸಾಕು. ಓದುತ್ತಿರುವವರಿಂದಲೇ ಆಗಿದ್ದರೆ ಅದು ಆಕ್ಷೇಪಣೆ.

ಈ ಅಳತೆಯೂ ಎಲ್ಲ ಕಡೆ ನಡೆಯುವುದಿಲ್ಲ. ‘ಊರಿಗೆ ಯಾವಾಗ ಬರ್ತೀಯಾ 🙃’ ಎಂದು ಬರೆಯುವ ಚಿಕ್ಕಮ್ಮನಿಗೆ ಅದು ಲಾಗ ಹಾಕುತ್ತಿರುವ ನಗುಮುಖ. ಓದಿದ ಹುಡುಗಿಗೆ ಮಾತ್ರ ‘ಬರಲೇ ಇಲ್ಲವಲ್ಲ’ ಎಂಬ ಆಕ್ಷೇಪ ಕೇಳಿಸುತ್ತದೆ. ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಎಮೋಜಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಒಂದೇ ಚಿತ್ರವನ್ನು ನೋಡಿದವರಲ್ಲೂ ಅದರ ಭಾವ ಒಳ್ಳೆಯದೋ, ಕೆಟ್ಟದೋ, ಎರಡೂ ಅಲ್ಲವೋ ಎಂಬುದರ ಬಗ್ಗೆ 25% ಸಲ ಒಮ್ಮತವಿರಲಿಲ್ಲ ಎಂದು ಅದರಿಂದ ತಿಳಿಯಿತು. ಮೊಬೈಲನ್ನು ಕಿವಿಯಿಂದ ಓದುವ ದೃಷ್ಟಿಹೀನರಿಗಂತೂ ಕೇಳಿಸುವುದು ಚಿತ್ರದ ಹೆಸರು ಮಾತ್ರ.

ಹಾಗಾಗಿ ನಿಮಗೆ ಇಂಥ ಮುಖ ಬಂದರೆ ತಿರುಗಿ ಅದನ್ನೇ ಕಳಿಸಬೇಡಿ, ಪಾತ್ರೆಯ ವಿಷಯಕ್ಕೆ ಉತ್ತರ ಕೊಡಿ. ಕಳಿಸುವವರು ನೀವಾದರೆ, ಪಕ್ಕದಲ್ಲೇ ‘ಇವತ್ತು ನಿನ್ನ ಸರದಿ ಇತ್ತು’ ಎಂದೂ ಬರೆಯಿರಿ.