ರಸೀತಿ ಪುಸ್ತಕ ಯಾರ ಕೈಯಲ್ಲಿದೆ?

ಬೀದಿ ಗಣೇಶೋತ್ಸವದ ಸಮಿತಿಗಳಲ್ಲಿ ಜಗಳ ಹುಟ್ಟುವುದು ಹೆಚ್ಚಾಗಿ ಹಬ್ಬ ಮುಗಿದ ಮೇಲೆ. ಆಗ ಎಲ್ಲರೂ ಹುಡುಕುವುದು ನಡಾವಳಿ ಪುಸ್ತಕವನ್ನು. ಅದರಲ್ಲಿ ‘ಚಂದಾ ಎತ್ತುವ ಬಗ್ಗೆ ಚರ್ಚಿಸಲಾಯಿತು’ ಎಂದಷ್ಟೇ ಬರೆದಿದ್ದರೆ ಯಾವ ಪ್ರಯೋಜನವೂ ಇಲ್ಲ. ಯಾರು, ಏನನ್ನು, ಯಾವ ದಿನದೊಳಗೆ ಮಾಡಬೇಕು ಎಂಬುದು ಸಭೆಗೆ ಬಾರದವರಿಗೂ ತಿಳಿಯುವಂತಿರಬೇಕು. ‘ಶಾಮಿಯಾನದ ಹೊಣೆ ಯುವಕರದ್ದು’ ಎಂದರೆ ಅದು ಯಾರ ಹೊಣೆಯೂ ಅಲ್ಲ. ಒಬ್ಬರ ಹೆಸರು ಬೇಕು, ಅವರು ಒಪ್ಪಿ ಹಾಕಿದ ಸಹಿಯೂ ಬೇಕು.

ಹಣದ ವಿಷಯದಲ್ಲಂತೂ ಕಾರ್ಯದರ್ಶಿ ದಾಕ್ಷಿಣ್ಯ ನೋಡಬಾರದು. ಒಂದು ಸಮಿತಿ ತಲಾ 50 ಹಾಳೆಯ ಐದು ರಸೀತಿ ಪುಸ್ತಕ ಅಚ್ಚು ಹಾಕಿಸಿತು ಎನ್ನೋಣ. ಕ್ರಮಸಂಖ್ಯೆ 1ರಿಂದ 250. 101ರಿಂದ 150ರವರೆಗಿನ ಪುಸ್ತಕ ಎರಡನೇ ಅಡ್ಡರಸ್ತೆಯವರ ಕೈಗೆ ಹೋಯಿತು ಎಂಬುದು ಅದೇ ದಿನ ನಡಾವಳಿಗೆ ಸೇರಬೇಕು. ಪುಸ್ತಕ ಮರಳಿದಾಗ 38 ಹಾಳೆ ಹರಿದಿದೆ, ಒಂದು ತಪ್ಪಾಗಿ ಬರೆದು ರದ್ದಾಗಿದೆ, 11 ಖಾಲಿ ಇವೆ. ಕೂಡಿದರೆ 50, ಲೆಕ್ಕ ಸರಿ. ರದ್ದಾದ ಹಾಳೆಯನ್ನು ಹರಿಯದೆ ಪುಸ್ತಕದಲ್ಲೇ ಉಳಿಸಿರಬೇಕು. ಅದು ಕಾಣೆಯಾಗಿದ್ದರೆ ಖಜಾಂಚಿ ಅಲ್ಲೇ ಕೇಳಬೇಕು. 38 ರಸೀತಿಗಳ ಮೊತ್ತ 14,900 ರೂಪಾಯಿ. ಕೈಗೆ ಬಂದ ನಗದು 9,400, ಫೋನಿನಲ್ಲಿ ಬಂದದ್ದು 5,500. ಈಚೆಗೆ ಗೊಂದಲವಾಗುವುದು ಇಲ್ಲೇ: ಸ್ಕ್ಯಾನ್ ಮಾಡಿ ಹಣ ಹಾಕಿದವರಿಗೆ ರಸೀತಿ ಬರೆಯುವುದು ಮರೆತುಹೋಗುತ್ತದೆ, ಬ್ಯಾಂಕಿನ ಲೆಕ್ಕಕ್ಕೂ ಪುಸ್ತಕಕ್ಕೂ ತಾಳೆಯಾಗುವುದಿಲ್ಲ.

ಕಾರ್ಯಕ್ರಮದ ವೇಳೆಯನ್ನು ಕೊನೆಯಿಂದ ಹಿಂದಕ್ಕೆ ಎಣಿಸಿ ಗೊತ್ತುಮಾಡುವುದೇ ಸರಿ. ವಿಶೇಷ ಅನುಮತಿ ಇಲ್ಲದಿದ್ದರೆ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ವಿಸರ್ಜನೆಯ ದಿನ ಮೂರ್ತಿ 8.30ಕ್ಕೆ ಕೆರೆ ತಲುಪಿದರೆ ಸಾಲಿನಲ್ಲಿ ಕಾಯಲು ಸಮಯ ಸಿಗುತ್ತದೆ. ಮನೆಮನೆಯ ಮುಂದೆ ಆರತಿಗೆ ನಿಲ್ಲುವ ಮೆರವಣಿಗೆಗೆ ಮೂರು ಗಂಟೆ ಬೇಕು, ಅಂದರೆ 5.30ಕ್ಕೆ ಹೊರಡಬೇಕು. ಮಹಾಮಂಗಳಾರತಿ 4.30ಕ್ಕೆ. ಲಡ್ಡು ಹರಾಜು ಅದಕ್ಕೂ ಮೊದಲೇ ಮುಗಿಯಬೇಕು. ಬಹಳ ಕಡೆ ಮೆರವಣಿಗೆ ತಡವಾಗುವುದು ಈ ಹರಾಜಿನಿಂದಲೇ, ಹುರುಪು ಏರಿದಾಗ ಕೂಗು ನಿಲ್ಲಿಸಲು ಯಾರಿಗೂ ಮನಸ್ಸಾಗುವುದಿಲ್ಲ. ಹಾಗಾಗಿ 3.30ಕ್ಕೆ ಶುರು, 4.15ಕ್ಕೆ ಕೊನೆಯ ಕೂಗು, ನಿಲ್ಲಿಸುವವರು ಇಂಥವರು ಎಂದು ಮೊದಲೇ ಗೊತ್ತುವಳಿ ಮಾಡಿ, ಸೂಚಕರು ಮತ್ತು ಅನುಮೋದಕರ ಹೆಸರು ಬರೆದಿಡುವುದು ಒಳ್ಳೆಯದು.

ಹರಾಜು ಕೂಗಿದವರು ಅಲ್ಲೇ ಹಣ ಕೊಡುವುದು ಅಪರೂಪ. ಕೆಲವು ಕಡೆ ಮುಂದಿನ ಹಬ್ಬದೊಳಗೆ ಕೊಟ್ಟರೆ ಸಾಕೆಂಬ ವಾಡಿಕೆಯೂ ಇದೆ. ಆ ಮೊತ್ತವನ್ನು ಈ ವರ್ಷದ ಜಮೆಗೆ ಸೇರಿಸಿದರೆ ಕೈಯಲ್ಲಿಲ್ಲದ ಹಣ ಲೆಕ್ಕದಲ್ಲಿ ಕಾಣುತ್ತದೆ. ಅದಕ್ಕೇ ಕೊನೆಯ ಸಭೆಯ ನಡಾವಳಿಯಲ್ಲಿ ಅದು ‘ಬರಬೇಕಾದದ್ದು’ ಎಂದು ಬೇರೆಯಾಗಿ, ಕೂಗಿದವರ ಹೆಸರು, ಮೊತ್ತ, ಗಡುವು ಮತ್ತು ಅವರ ಸಹಿಯೊಂದಿಗೆ ಇರಬೇಕು.