ನಡುರಾತ್ರಿ ಟೋಕನ್ ತೀರಿದರೂ ನಿಲ್ಲದ ಅಪ್‌ಲೋಡ್

ಕೊಪ್ಪದ ಗೆಳೆಯರೊಬ್ಬರು ಶೃಂಗೇರಿ, ನರಸಿಂಹರಾಜಪುರ ಕಡೆಯ ಮನೆಗಳ ಅಟ್ಟದಲ್ಲಿದ್ದ ಯಕ್ಷಗಾನ ಪ್ರಸಂಗದ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿ ಗೂಗಲ್ ಡ್ರೈವ್‌ಗೆ ಏರಿಸುತ್ತಿದ್ದಾರೆ. ಹಸ್ತಪ್ರತಿ ನೋಡಲೆಂದು ಹೋದ ನಾನು ಕೂತು ಓದಿದ್ದು ಅವರ ಲಾಗ್ ಫೈಲನ್ನು. ‘ಇಲ್ನೋಡಿ ಮಾರಾಯ್ರೆ’ ಎಂದು ತೋರಿಸಿದರು. ಗಂಟೆಗೊಮ್ಮೆ 401, ಬೆನ್ನಿಗೇ ಅದೇ ಪುಟ ಸರಿಯಾಗಿ ಹೋದ ದಾಖಲೆ!

ಒಂದು ರಾತ್ರಿಗೆ 600 ಪುಟ, ಪುಟಕ್ಕೆ ಸುಮಾರು 40 ಎಂಬಿ. 10 ಎಂಬಿಪಿಎಸ್ ಸಂಪರ್ಕದಲ್ಲಿ ಐದು ತಾಸಿಗೂ ಹೆಚ್ಚು ಬೇಕು. ಗೂಗಲ್ ಕೊಡುವ ಆಕ್ಸೆಸ್ ಟೋಕನ್ನಿನ ಆಯುಸ್ಸು ಒಂದೇ ಗಂಟೆ. ಏನೂ ಮಾಡದೆ ಬಿಟ್ಟರೆ 110ರ ಆಸುಪಾಸಿನ ಪುಟದಲ್ಲಿ ಕೆಲಸ ನಿಲ್ಲುತ್ತದೆ.

ಐವತ್ತು ನಿಮಿಷಕ್ಕೊಮ್ಮೆ ಟೈಮರ್ ಇಟ್ಟು ಟೋಕನ್ ಬದಲಿಸುವವರಿದ್ದಾರೆ. ನನಗೆ ಆ ದಾರಿಯ ಮೇಲೆ ನಂಬಿಕೆಯಿಲ್ಲ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದಾಗ, ಮದರ್‌ಬೋರ್ಡಿನ ಬ್ಯಾಟರಿ ಸತ್ತ ಹಳೇ ಕಂಪ್ಯೂಟರಿನ ಗಡಿಯಾರ ಎಲ್ಲಿಂದ ಶುರುವಾಗುತ್ತದೋ ಹೇಳಲಾಗದು. ಸರ್ವರ್ 401 ಎಂದರೆ ಮಾತ್ರ ಟೋಕನ್ ನಡೆಯುತ್ತಿಲ್ಲ ಎಂಬುದು ಖಚಿತ. ಆಗ ರಿಫ್ರೆಶ್ ಟೋಕನ್ ಕೊಟ್ಟು ಹೊಸದನ್ನು ಪಡೆದು, ಅದೇ ಪುಟವನ್ನು ಒಂದು ಸಲ, ಒಂದೇ ಸಲ, ಮತ್ತೆ ಕಳಿಸಬೇಕು. ಆಗಲೂ 401 ಬಂದರೆ ಬೇರೇನೋ ಕೆಟ್ಟಿದೆ. ಬೆಳಗಾಗುವವರೆಗೂ ಬಾಗಿಲು ಬಡಿಯುತ್ತ ಕೂರುವಂತಿಲ್ಲ.

ನನಗೆ ಬಹಳ ಹಿಡಿಸಿದ್ದು ಇದರ ಮುಂದಿನ ಭಾಗ. ಅವರ ಸ್ಕ್ರಿಪ್ಟಿನಲ್ಲಿ ನಾಲ್ಕು ಥ್ರೆಡ್‌ಗಳು ಒಟ್ಟಿಗೇ ಪುಟ ಏರಿಸುತ್ತವೆ. ಟೋಕನ್ ಎಲ್ಲಕ್ಕೂ ಒಂದೇ ಆದ್ದರಿಂದ ನಾಲ್ಕಕ್ಕೂ ಹೆಚ್ಚುಕಡಿಮೆ ಒಟ್ಟಿಗೇ 401 ಬರುತ್ತದೆ, ನಾಲ್ಕೂ ಹೊಸ ಟೋಕನ್ನಿಗೆ ಓಡುತ್ತವೆ. ಗೂಗಲ್ ಇದನ್ನು ಸಹಿಸಿಕೊಳ್ಳುತ್ತದೆ. ಆದರೆ ಕೆಲವು ಸೇವೆಗಳು ಪ್ರತಿ ಸಲವೂ ರಿಫ್ರೆಶ್ ಟೋಕನ್ನನ್ನೇ ಬದಲಿಸುತ್ತವೆ. ಅಲ್ಲಿ ಹಳೆಯದನ್ನು ಎರಡನೇ ಸಲ ತೋರಿಸಿದರೆ ಕಳ್ಳತನವೆಂದು ಬಗೆದು ಇಡೀ ಅನುಮತಿಯನ್ನೇ ರದ್ದು ಮಾಡುವುದುಂಟು. ಅದಕ್ಕೆ ಬರಿ ಲಾಕ್ ಹಾಕಿದರೆ ಸಾಲದು. ಸರದಿಯಲ್ಲಿ ನಿಂತ ಉಳಿದ ಮೂರೂ ಒಂದಾದ ಮೇಲೊಂದು ಒಳಹೊಕ್ಕು ಮತ್ತೆ ರಿಫ್ರೆಶ್ ಮಾಡುತ್ತವೆ. ಗೆಳೆಯರು ಬರೆದದ್ದು ಹೀಗೆ:

```python
def get_token(used):
    with lock:
        if token.value == used:
            refresh()
        return token.value
```

ಸೋತ ಥ್ರೆಡ್ ತಾನು ಬಳಸಿದ್ದ ಟೋಕನ್ನನ್ನು ಹಿಡಿದುಕೊಂಡೇ ಒಳಗೆ ಬರುತ್ತದೆ. ಈಗಿರುವುದೂ ಅದೇ ಆಗಿದ್ದರೆ ಮಾತ್ರ ರಿಫ್ರೆಶ್. ಬೇರೆಯಾಗಿದ್ದರೆ ಮತ್ತೊಬ್ಬರು ಆಗಲೇ ತಂದಿಟ್ಟಿದ್ದಾರೆ, ಎತ್ತಿಕೊಂಡು ಹೋದರಾಯಿತು. ಎಷ್ಟು ಚೆಂದದ ಸಾಲು ಆ `if`! ಲಾಗಿನಲ್ಲಿ ಒಂದೇ ನಿಮಿಷದಲ್ಲಿ ನಾಲ್ಕು 401 ಇದ್ದ ಕಡೆಯೂ ರಿಫ್ರೆಶ್ ಒಂದೇ ಇತ್ತು.

ಇದಕ್ಕೂ ಒಂದು ಮಿತಿಯಿದೆ. ಗೂಗಲ್ ಕನ್ಸೋಲಿನಲ್ಲಿ ಆ್ಯಪ್ ಇನ್ನೂ ‘ಟೆಸ್ಟಿಂಗ್’ ಸ್ಥಿತಿಯಲ್ಲಿದ್ದರೆ, ಡ್ರೈವ್‌ನಂಥ ಅನುಮತಿಗೆ ಸಿಕ್ಕ ರಿಫ್ರೆಶ್ ಟೋಕನ್ ಏಳು ದಿನಕ್ಕೆ ಸಾಯುತ್ತದೆ. ಆಗ ಬರುವ ಉತ್ತರ 401 ಅಲ್ಲ, `invalid_grant`. ಎಷ್ಟು ಸಲ ಕೇಳಿದರೂ ಅದೇ ಉತ್ತರ. ಮನುಷ್ಯರೇ ಕೂತು ಮತ್ತೆ ಲಾಗಿನ್ ಆಗಬೇಕು. ಅಲ್ಲಿಗೆ ಸ್ಕ್ರಿಪ್ಟ್ ನಿಲ್ಲುತ್ತದೆ. ಪ್ರತಿ ಪುಟ ಏರಿದ ಕೂಡಲೇ ಅದರ ಹೆಸರನ್ನು ಡಿಸ್ಕಿಗೆ ಬರೆದಿಟ್ಟಿರುವುದರಿಂದ, ಲಾಗಿನ್ ಆದ ಮೇಲೆ ಉಳಿದ ಪುಟಗಳಷ್ಟೇ ಹೊರಡುತ್ತವೆ.